ಪಿಎಚ್.ಡಿ. ಕೈಗೆ ಬಂದ ಮೇಲೆ ಆವರಿಸಿದ ಖಾಲಿತನ: ಇದು ದಣಿವೇ, ಖಿನ್ನತೆಯೇ, ಬೇರೆ ಏನಾದರೂ ಇದೆಯೇ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆರೆ ಶಾಸನಗಳ ಮೇಲೆ ನಡೆಸಿದ ಸಂಶೋಧನೆಗೆ ಕಳೆದ ಚಳಿಗಾಲದಲ್ಲಿ ನನಗೆ ಪಿಎಚ್.ಡಿ. ಪದವಿ ದೊರೆಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಇದು ನನ್ನೊಬ್ಬನ ಆಸೆಯಾಗಿರದೆ ಇಡೀ ಮನೆಯ ಆಸೆಯಾಗಿತ್ತು. ವೈವಾ ಚೆನ್ನಾಗಿಯೇ ನಡೆಯಿತು. ಹೊರಗಿನ ಪರೀಕ್ಷಕರು, ಕೆರೆ ಕಟ್ಟಿದವರಿಗೆ ಬಿಟ್ಟ ಭೂಮಿಯಾದ ಕಟ್ಟುಕೊಡಗೆಯ ಅಧ್ಯಾಯವನ್ನು ಮೆಚ್ಚಿಕೊಂಡರು, ವಿಭಾಗದಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು, ಅಮ್ಮ ಊರಿನಲ್ಲಿ ಮನೆಮನೆಗೆ ಮೈಸೂರುಪಾಕು ಹಂಚಿದರು.

ಆದರೆ ನಾನು ಕಾದಿದ್ದ ಸಂತೋಷ ಮಾತ್ರ ಬರಲಿಲ್ಲ. ಮೊದಲ ವಾರ ದಣಿವಿರಬಹುದೆಂದು ಸುಮ್ಮನಾದೆ. ಈಗ ತಿಂಗಳುಗಳೇ ಕಳೆದರೂ ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಹಳೆಯ ಅಭ್ಯಾಸದಿಂದ ಲ್ಯಾಪ್‌ಟಾಪ್ ತೆರೆದು Thesis_Final_corrected ಎಂಬ ಕಡತವನ್ನು ನೋಡುತ್ತೇನೆ, ಅದರಲ್ಲಿ ತಿದ್ದುವುದಕ್ಕೆ ಏನೂ ಉಳಿದಿಲ್ಲವೆಂದು ನೆನಪಾಗಿ ಮುಚ್ಚುತ್ತೇನೆ. ಯಾರಾದರೂ 'ಡಾಕ್ಟರೇ' ಎಂದು ಕರೆದರೆ ಬೇರೆ ಯಾರನ್ನೋ ಕರೆದಂತಾಗುತ್ತದೆ. ಸದ್ಯಕ್ಕೆ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಇಷ್ಟು ವರ್ಷ ಬಯಸಿದ್ದು ಸಿಕ್ಕ ಮೇಲೆ ಹೀಗೇಕೆ ಆಗುತ್ತದೆ, ಇದು ತಾನಾಗಿ ಹೋಗುತ್ತದೆಯೇ ಎಂಬುದನ್ನು ಈ ದಾರಿಯಲ್ಲಿ ನಡೆದವರಿಂದ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ತುಂಗಾತೀರ

ಅಭಿನಂದನೆಗಳು ಸರ್. ನೀವು ಧೈರ್ಯಗೆಡಬಾರದು. ಪಿಎಚ್.ಡಿ. ಇದ್ದರೂ ಕೆಸೆಟ್ ಅರ್ಹತಾ ಪರೀಕ್ಷೆ ಬರೆದು ಇಟ್ಟುಕೊಳ್ಳಿ, ಇತಿಹಾಸದ ಎರಡನೆಯ ಪತ್ರಿಕೆಗೆ ನನ್ನಲ್ಲಿ ಟಿಪ್ಪಣಿಗಳಿವೆ, ಕಳುಹಿಸಿಕೊಡುತ್ತೇನೆ. ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಇಂದಲ್ಲ ನಾಳೆ ಆಗಿಯೇ ಆಗುತ್ತದೆ.

ಕೆರೆಏರಿ

ಧನ್ಯವಾದಗಳು ಸರ್. ಕೆಸೆಟ್ ಆಗಿದೆ. ನಾನು ಕೇಳಿದ್ದು ಕೆಲಸದ ವಿಚಾರವಲ್ಲ, ಅಥವಾ ಬರೀ ಕೆಲಸದ ವಿಚಾರವಲ್ಲ.

ಮಲೆನಾಡಿಗ_ಮ್ಯೂನಿಕ್

ಇದಕ್ಕೆ ವಿಜ್ಞಾನದಲ್ಲಿ ಸ್ಪಷ್ಟ ಉತ್ತರವಿದೆ. ಗುರಿಯನ್ನು ಬೆನ್ನಟ್ಟುವಾಗ ಮಿದುಳಿನಲ್ಲಿ ಡೋಪಮೀನ್ ಹರಿಯುತ್ತಿರುತ್ತದೆ, ಗುರಿ ಮುಟ್ಟಿದ ಕೂಡಲೇ ಅದು ನಿಲ್ಲುತ್ತದೆ, ಆಗ ಖಾಲಿತನ ಬರುತ್ತದೆ. ನಾನು ಕಾಲೇಜಿನ ದಿನಗಳಿಂದ ಕನಸು ಕಂಡಿದ್ದ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗಲೂ ಇದೇ ಆಯಿತು. ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡ ಮೂರನೆಯ ವಾರಕ್ಕೆ ಅದು ಯಾವುದೋ ಮಾಮೂಲಿ ಆಫೀಸಾಗಿತ್ತು. ನಾನು ಮಾಡಿದ್ದಿಷ್ಟೇ: ಕೂಡಲೇ ಮುಂದಿನ ಗುರಿಯನ್ನು ಹಿಡಿದೆ, ಜರ್ಮನ್ ಭಾಷೆಯ ಪರೀಕ್ಷೆಗೆ ಕುಳಿತೆ, ಎಲ್ಲವೂ ಸರಿಹೋಯಿತು. ನೀವೂ ತಡಮಾಡದೆ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕಿ.

ಸಾಧನಕೇರಿ

ನಾನು ಧಾರವಾಡದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಮ್ಯೂನಿಕ್‌ನ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿಯಿದೆ, ಆ ಅರ್ಧವನ್ನು ಉಳಿಸಿಕೊಂಡು ಉಳಿದದ್ದನ್ನು ತಿದ್ದುತ್ತೇನೆ.

ಡೋಪಮೀನ್ ಕುರಿತ ಮಾತಿನ ಮೂಲ ವುಲ್ಫ್ರಾಮ್ ಶುಲ್ಟ್ಸ್ ಅವರು 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿದೆ. ಕೋತಿಗೆ ನಿರೀಕ್ಷೆಯಿಲ್ಲದೆ ಹಣ್ಣಿನ ರಸ ಸಿಕ್ಕಾಗ ಡೋಪಮೀನ್ ನರಕೋಶಗಳು ಚುರುಕಾಗುತ್ತಿದ್ದವು. ದೀಪ ಹತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ನಂತರ ಅವು ದೀಪಕ್ಕೆ ಚುರುಕಾಗುತ್ತಿದ್ದವೇ ಹೊರತು ರಸಕ್ಕಲ್ಲ. ಅಂದರೆ ಖಚಿತವಾಗಿ ಬರುತ್ತದೆಂದು ಗೊತ್ತಿರುವ ಫಲ ಬಂದಾಗ ಅವು ಹೆಚ್ಚು ಸದ್ದು ಮಾಡುವುದಿಲ್ಲ. ಪಿಎಚ್.ಡಿ. ವೈವಾಕ್ಕೆ ಇದು ಹೊಂದುವಂತೆ ತೋರುವುದು ನಿಜ, ಏಕೆಂದರೆ ಪರೀಕ್ಷಕರ ವರದಿಗಳು ಒಳ್ಳೆಯದಾಗಿ ಬಂದ ಮೇಲೆ ವೈವಾದಲ್ಲಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಆ ಪ್ರಯೋಗಗಳು ಕೆಲವು ಸೆಕೆಂಡುಗಳ ನಿರೀಕ್ಷೆಯ ಲೆಕ್ಕ. ತಿಂಗಳುಗಟ್ಟಲೆ ಉಳಿಯುವ ಖಾಲಿತನವನ್ನು ಅದರಿಂದಲೇ ವಿವರಿಸಲು ಹೊರಡುವುದು ಅತಿಯಾಗುತ್ತದೆ.

ಈ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಅಧ್ಯಯನವೊಂದಿದೆ. 1998ರಲ್ಲಿ ಡೇನಿಯಲ್ ಗಿಲ್ಬರ್ಟ್, ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯವೊಂದರ ಸಹಾಯಕ ಪ್ರಾಧ್ಯಾಪಕರನ್ನು, ಹುದ್ದೆ ಕಾಯಂ ಆದರೆ ಮುಂದಿನ ವರ್ಷಗಳಲ್ಲಿ ಎಷ್ಟು ಸುಖವಾಗಿರುತ್ತೀರಿ, ಆಗದಿದ್ದರೆ ಎಷ್ಟು ದುಃಖದಲ್ಲಿರುತ್ತೀರಿ ಎಂದು ಕೇಳಿದರು. ಎರಡರ ನಡುವೆ ದೊಡ್ಡ ಅಂತರವಿರುತ್ತದೆಂದು ಅವರು ಊಹಿಸಿದರು. ಆದರೆ ಆ ಘಟ್ಟವನ್ನು ದಾಟಿದವರನ್ನು ವಿಚಾರಿಸಿದಾಗ, ಕಾಯಂ ಆದವರಿಗೂ ಆಗದವರಿಗೂ ಅಂಥ ಅಂತರ ಕಾಣಲಿಲ್ಲ. ನಮಗೆ ಏನು ಬೇಕೆಂಬುದನ್ನು ಊಹಿಸುವಲ್ಲಿ ನಾವು ಅಷ್ಟೇನೂ ತಪ್ಪುವುದಿಲ್ಲ. ಅದು ಸಿಕ್ಕ ಸಂತೋಷ ಎಷ್ಟು ಕಾಲ ಬಾಳುತ್ತದೆಂಬ ಅಂದಾಜಿನಲ್ಲಿ ಮಾತ್ರ ಎಡವುತ್ತೇವೆ.

ಇದೂ ಪೂರ್ಣ ಉತ್ತರವಲ್ಲ. ಸಂತೋಷ ಅಂದಾಜಿಗಿಂತ ಕಡಿಮೆಯಾಗುತ್ತದೆ ಎನ್ನುವುದಕ್ಕೂ ಬೆಳಿಗ್ಗೆ ಎದ್ದರೆ ಏನೂ ತೋಚುವುದಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಕೆರೆಏರಿ ಅವರನ್ನು ಕೇಳುತ್ತೇನೆ: ನಿಮಗೆ ಯಾವುದೂ ಬೇಡವಾಗಿದೆಯೇ, ಅಥವಾ ಬೇಕಾದದ್ದು ಯಾವುದೆಂದು ತಿಳಿಯದಾಗಿದೆಯೇ? ನಿದ್ದೆ, ಊಟ ಹೇಗಿವೆ?

ಕೆರೆಏರಿ

ಊಟ ಸರಿಯಾಗಿದೆ. ನಿದ್ದೆ ಬರುತ್ತದೆ, ಆದರೆ ಹಲವು ದಿನ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಮತ್ತೆ ಹತ್ತುವುದಿಲ್ಲ. ಬೇಕು ಬೇಡದ ಪ್ರಶ್ನೆಗೆ ಉತ್ತರ ಹೇಳಲಾರೆ ಮೇಡಂ. ಪ್ರಾಮಾಣಿಕವಾಗಿ ನನಗೇ ತಿಳಿಯುತ್ತಿಲ್ಲ.

ಸಾಧನಕೇರಿ

ಹಾಗಿದ್ದರೆ ಊಹಿಸುವುದು ಬೇಡ, ಬರೆದು ನೋಡಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಎಚ್ಚರವಿರುವ ಪ್ರತಿ ಗಂಟೆಗೂ ಏನು ಮಾಡಿದಿರಿ ಎಂಬುದನ್ನು ನಾಲ್ಕು ಪದಗಳಲ್ಲಿ ಬರೆಯಿರಿ. ಪಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗಿನ ಎರಡು ಅಂಕಗಳನ್ನು ಕೊಡಿ. ಒಂದು ಅಂಕ, ಏನೋ ಮಾಡಿ ಮುಗಿಸಿದೆ ಎನಿಸಿದ್ದಕ್ಕೆ. ಇನ್ನೊಂದು, ಆ ಹೊತ್ತು ಹಿತವಾಗಿತ್ತೇ ಎಂಬುದಕ್ಕೆ. ರಾತ್ರಿ ನೆನಪು ಮಾಡಿಕೊಂಡು ಬರೆಯಬೇಡಿ, ಮನಸ್ಸು ಕುಗ್ಗಿದಾಗ ನೆನಪು ಎಲ್ಲ ಗಂಟೆಗಳಿಗೂ ಒಂದೇ ಬಣ್ಣ ಬಳಿಯುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವಿದು. ಎರಡು ಅಂಕಗಳನ್ನು ಬೇರೆಬೇರೆಯಾಗಿ ಕೇಳುವುದಕ್ಕೆ ಕಾರಣವಿದೆ: ಕೆಲವರಿಗೆ ಒಂದು ಉಳಿದಿರುತ್ತದೆ, ಇನ್ನೊಂದು ಹೋಗಿರುತ್ತದೆ.

ಇದರ ಜೊತೆಗೆ ಬೆಳಗಿನ ಜಾವದ ಎಚ್ಚರವನ್ನು ವೈದ್ಯರ ಮುಂದೆ ಹೇಳಿ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ದಿನದ ಬಹುಪಾಲು ಹೊತ್ತು ಮಂಕು ಕವಿದಿರುವುದು ಮತ್ತು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ಬಿಡದೆ ನಡೆದರೆ, ಅದು ಪದವಿ ಸಿಕ್ಕ ನಂತರ ಬಂದಿದೆ ಎಂಬ ಕಾರಣಕ್ಕೆ ಖಿನ್ನತೆ ಅಲ್ಲವೆಂದಾಗುವುದಿಲ್ಲ. ಬದುಕಿರುವುದೇ ಬೇಡವೆಂಬ ಯೋಚನೆ ಬಂದರೆ ನೋಟ್‌ಬುಕ್ಕನ್ನು ಬದಿಗಿಟ್ಟು ಅಂದೇ ಟೆಲಿ ಮಾನಸ್‌ನ 14416 ಸಹಾಯವಾಣಿಗೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಹೊಸಪೇಟೆ_ರಸ್ತೆ

ಒಂದು ಕಟುಸತ್ಯವನ್ನು ಹೇಳಬೇಕಾಗಿದೆ, ಬೇಸರ ಪಟ್ಟುಕೊಳ್ಳಬೇಡಿ. ಇಷ್ಟು ಹೊತ್ತು ಎಲ್ಲರೂ ಮನಸ್ಸಿನ ಒಳಗೇ ಹುಡುಕುತ್ತಿದ್ದೀರಿ. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈನಿಂದ ಪಿಎಚ್.ಡಿ. ಕಡ್ಡಾಯವೆಂದು ಯುಜಿಸಿ 2018ರಲ್ಲಿ ಹೇಳಿತು, ಅದನ್ನು 2023ರ ಜುಲೈಗೆ ಮುಂದೂಡಿತು, ಆ ಗಡುವು ಬಂದಾಗ ನೆಟ್ ಅಥವಾ ಸೆಟ್ ಸಾಕೆಂದು ನಿಯಮವನ್ನೇ ಬದಲಿಸಿತು. ಅಂದರೆ ಈ ಹುಡುಗ ಓಡುತ್ತಿರುವಾಗಲೇ ಗೆರೆಯನ್ನು ಸರಿಸಲಾಯಿತು. ಶಿಷ್ಯವೇತನ ನಿಂತಿದೆ, ಹಾಸ್ಟೆಲ್ ಕೋಣೆ ಹೋಗಿದೆ, ಅತಿಥಿ ಉಪನ್ಯಾಸಕನ ಕೆಲಸ ಮುಂದಿನ ವರ್ಷ ಇರುತ್ತದೆಂಬ ಖಾತರಿಯಿಲ್ಲ. ಇಂಥವನಿಗೆ ಖಾಲಿ ಎನಿಸಿದರೆ ಅದಕ್ಕೆ ಕೋತಿಯ ಪ್ರಯೋಗ ಏಕೆ ಬೇಕು? ಗಂಟೆಗೊಂದು ಅಂಕ ಬರೆದರೆ ಹುದ್ದೆ ಸೃಷ್ಟಿಯಾಗುವುದಿಲ್ಲ.

ಅಂಚೆಪೆಟ್ಟಿಗೆ

ಹೊಸಪೇಟೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ಅನುಭವ ಅವರ ಲೆಕ್ಕಕ್ಕೆ ಹೊಂದುವುದಿಲ್ಲ. ನಾನು ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆದು ಕೊನೆಗೆ ಪ್ರಥಮ ದರ್ಜೆ ಸಹಾಯಕಿಯಾಗಿ ಆಯ್ಕೆಯಾದವಳು. ಕಾಯಂ ಕೆಲಸ, ಸಂಬಳ, ಊರಿಗೆ ಹತ್ತಿರದ ಕಚೇರಿ, ಎಲ್ಲವೂ ಸಿಕ್ಕಿತು. ಆದರೂ ಆದೇಶಪತ್ರ ಬಂದ ಮೇಲೆ ಆರೇಳು ತಿಂಗಳು ನನಗೂ ಇದೇ ಸ್ಥಿತಿಯಿತ್ತು.

ನನಗೆ ಹೋದದ್ದು ಯಾವುದೆಂಬುದು ಬಹಳ ತಡವಾಗಿ ಹೊಳೆಯಿತು. ವಿಜಯನಗರದ ಕೋಚಿಂಗ್ ಸೆಂಟರಿನ ಹತ್ತಿರದ ವಾಚನಾಲಯದಲ್ಲಿ ನಾವು ನಾಲ್ಕು ಹುಡುಗಿಯರು ಒಂದೇ ಮೇಜಿನಲ್ಲಿ ಕುಳಿತು ಓದುತ್ತಿದ್ದೆವು, ನಾಲ್ಕು ಗಂಟೆಗೆ ಒಟ್ಟಿಗೆ ಚಹಾ ಕುಡಿಯಲು ಇಳಿಯುತ್ತಿದ್ದೆವು. ಆಯ್ಕೆಯಾದದ್ದು ನಾನೊಬ್ಬಳೇ. ಉಳಿದವರಿಗೆ ಫೋನ್ ಮಾಡಲು ಸಂಕೋಚ, ಅವರಿಗೂ ಮಾಡಲು ಸಂಕೋಚ. ಹೊಸ ಕಚೇರಿಯಲ್ಲಿ ನನ್ನ ಓದಿನ ವಿಚಾರ ಯಾರಿಗೂ ಬೇಕಾಗಿರಲಿಲ್ಲ. ಇದನ್ನು ಯಾರ ಬಳಿಯಾದರೂ ಹೇಳಿದರೆ 'ಕೆಲಸ ಸಿಕ್ಕಿಯೂ ಅಳುತ್ತೀಯಾ' ಎನ್ನುತ್ತಾರೆಂದು ಬಾಯಿ ಮುಚ್ಚಿಕೊಂಡೆ. ತಮ್ಮಾ, ನಿನ್ನ ಜೊತೆಗೆ ಸಂಶೋಧನೆ ಮಾಡುತ್ತಿದ್ದವರು ಈಗ ಎಲ್ಲಿದ್ದಾರೆ?

ನಿವೃತ್ತ_ಮಾರ್ಗದರ್ಶಿ

ನಾನು ಮೂವತ್ತು ವರ್ಷ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿದ್ದು ಅನೇಕರಿಗೆ ಮಾರ್ಗದರ್ಶನ ಮಾಡಿದ್ದೇನೆ. ಮೇಲಿನ ಮಾತುಗಳಿಗೆ ನಾನು ಕಂಡದ್ದನ್ನು ಸೇರಿಸುತ್ತೇನೆ.

ಪಿಎಚ್.ಡಿ.ಗೆ ಮುಗಿಯಿತು ಎನ್ನುವ ದಿನವೇ ಇಲ್ಲ. ಪೂರ್ವಭಾವಿ ವಿಚಾರಗೋಷ್ಠಿ ಒಂದು ದಿನ, ಕೃತಿಚೌರ್ಯದ ತಪಾಸಣೆ ಇನ್ನೊಂದು ದಿನ, ಮಹಾಪ್ರಬಂಧದ ಸಲ್ಲಿಕೆ ಮತ್ತೊಂದು ದಿನ. ಆಮೇಲೆ ಹೊರಗಿನ ಇಬ್ಬರು ಪರೀಕ್ಷಕರ ವರದಿಗಾಗಿ ಕಾಯಬೇಕು. ಸಲ್ಲಿಕೆಯಿಂದ ಫಲಿತಾಂಶದವರೆಗಿನ ಎಲ್ಲವೂ ಆರು ತಿಂಗಳಲ್ಲಿ ಮುಗಿಯಬೇಕೆಂದು ನಿಯಮ ಹೇಳುತ್ತದೆ, ಆದರೆ ವರ್ಷ ಕಾದವರನ್ನೂ ನಾನು ನೋಡಿದ್ದೇನೆ. ನಂತರ ವೈವಾ, ಅಧಿಸೂಚನೆ, ಶೋಧಗಂಗಾ ಜಾಲತಾಣಕ್ಕೆ ಪ್ರಬಂಧವನ್ನು ಏರಿಸುವುದು, ಕೊನೆಗೆ ಎಂದೋ ಒಂದು ಘಟಿಕೋತ್ಸವ. ಪ್ರತಿ ಹಂತದಲ್ಲೂ 'ಇನ್ನೂ ಒಂದಿದೆ' ಎಂದು ವಿದ್ಯಾರ್ಥಿ ಸಂತೋಷವನ್ನು ಮುಂದಕ್ಕೆ ತಳ್ಳುತ್ತಾನೆ. ನಿಜವಾದ ದುಡಿಮೆ ಸಲ್ಲಿಕೆಯ ದಿನವೇ ನಿಂತಿರುತ್ತದೆ, ಸಂಭ್ರಮ ವೈವಾದ ದಿನ ನಡೆಯುತ್ತದೆ, ಅಷ್ಟರಲ್ಲಿ ಆ ವಿಷಯದಿಂದ ಅವನ ಮನಸ್ಸು ದೂರ ಸರಿದಿರುತ್ತದೆ.

ಎರಡನೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಸಂಶೋಧನೆ ನಡೆಯುತ್ತಿರುವವರೆಗೆ ಅದು ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿರುತ್ತದೆ. ಮದುವೆ ಯಾವಾಗ? ಪಿಎಚ್.ಡಿ. ಆಗಲಿ. ಅಪ್ಪನ ಜೊತೆ ಆ ಜಮೀನಿನ ಮಾತು? ಪಿಎಚ್.ಡಿ. ಆಗಲಿ. ಈ ವಿಷಯ ನನಗೆ ನಿಜವಾಗಿ ಇಷ್ಟವೇ? ಅದನ್ನು ಕೇಳಿಕೊಳ್ಳುವುದಕ್ಕೂ ಪಿಎಚ್.ಡಿ. ಆಗಲಿ. ಪದವಿ ಬಂದ ದಿನ ಇವೆಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆದ್ದರಿಂದ ಖಾಲಿ ಎಂದು ನನ್ನ ಬಳಿಗೆ ಬಂದವರಲ್ಲಿ ಕೆಲವರಿಗಾದರೂ ಆಗಿದ್ದು ಖಾಲಿತನವಲ್ಲ, ಕೂಡಿಬಿದ್ದ ಬಾಕಿ ಎಂದು ನನಗೆ ಅನಿಸಿದೆ. ಮ್ಯೂನಿಕ್‌ನವರಿಗೆ ಹೊಸ ಗುರಿ ಕೆಲಸ ಮಾಡಿದ್ದು ಅವರಿಗೆ ಇಂಥ ಬಾಕಿ ಇಲ್ಲದ್ದರಿಂದ ಇರಬಹುದು. ಬಾಕಿ ಇರುವವನು ಕೂಡಲೇ ಪೋಸ್ಟ್‌ಡಾಕ್ ಹಿಡಿದರೆ ಅದೇ ಉತ್ತರವನ್ನು ಇನ್ನೆರಡು ವರ್ಷಕ್ಕೆ ನವೀಕರಿಸಿದಂತಾಗುತ್ತದೆ.

ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಪ್ರಬಂಧ ಸಲ್ಲಿಸಿದ ಮೇಲೂ ವಿದ್ಯಾರ್ಥಿ ವಾರಕ್ಕೊಂದು ದಿನ ಎಂದಿನ ಸಮಯಕ್ಕೆ ವಿಭಾಗಕ್ಕೆ ಬಂದು ಶಾಸನಗಳ ಪಡಿಯಚ್ಚುಗಳನ್ನು ವಿಂಗಡಿಸಿ ಪಟ್ಟಿ ಮಾಡಬೇಕಿತ್ತು. ಅದರಿಂದ ಪದವಿಗೆ ಏನೂ ಸೇರುವುದಿಲ್ಲ, ಲೇಖನವೂ ಆಗುವುದಿಲ್ಲ, ಆ ಕಾರಣಕ್ಕೇ ಅದನ್ನು ಆರಿಸಿದ್ದೆ. ಕೆಲವರಿಗೆ ಅದು ಆಸರೆಯಾಯಿತು, ಕೆಲವರು ಎರಡನೆಯ ವಾರಕ್ಕೇ ಬರುವುದನ್ನು ನಿಲ್ಲಿಸಿದರು. ಎಲ್ಲರಿಗೂ ಒಗ್ಗುವ ಉಪಾಯವೆಂದು ಹೇಳಲಾರೆ.

ಮಲೆನಾಡಿಗ_ಮ್ಯೂನಿಕ್

ಡೋಪಮೀನ್ ವಿಚಾರದಲ್ಲಿ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಹೊಸ ಗುರಿಯ ವಿಚಾರದಲ್ಲಿ ಒಪ್ಪುವುದಿಲ್ಲ. ಅಭಿನವ್ ಬಿಂದ್ರಾ ಅವರನ್ನೇ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಚಿನ್ನ ಗೆದ್ದ ಮೇಲೆ ತಮ್ಮನ್ನು ದೊಡ್ಡ ಶೂನ್ಯ ಆವರಿಸಿತೆಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಆದರೆ ಅವರು ಬಂದೂಕನ್ನು ಕೆಳಗಿಡಲಿಲ್ಲ, 2012ರಲ್ಲೂ 2016ರಲ್ಲೂ ಒಲಿಂಪಿಕ್ಸ್‌ಗೆ ಹೋದರು.

ಸಾಧನಕೇರಿ

ಉದಾಹರಣೆ ಒಳ್ಳೆಯದು, ಆದರೆ ಅದು ನಿಮ್ಮ ಮಾತನ್ನು ಸಮರ್ಥಿಸುತ್ತದೆಯೇ ಎಂಬುದನ್ನು ಯೋಚಿಸಿ. ರಿಯೋದಲ್ಲಿ ಅವರಿಗೆ ಪದಕ ಬರಲಿಲ್ಲ, ಸ್ವಲ್ಪದರಲ್ಲೇ ನಾಲ್ಕನೆಯವರಾದರು. ಮತ್ತೆ ಚಿನ್ನ ಬಂದರಷ್ಟೇ ಶೂನ್ಯ ತುಂಬುತ್ತದೆಂಬ ಲೆಕ್ಕವಾಗಿದ್ದರೆ ಅವರ ಆ ಎಂಟು ವರ್ಷಗಳು ನಷ್ಟವೆಂದಾಗುತ್ತವೆ. ಹಳೆಯ ಕೆಲಸವನ್ನು ಮುಂದುವರಿಸುವುದು ಬೇರೆ, ಖಾಲಿತನಕ್ಕೆ ಹೆದರಿ ಹೊಸ ಗುರಿಯನ್ನು ಅಪ್ಪಿಕೊಳ್ಳುವುದು ಬೇರೆ.

ಕೆರೆಏರಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಡಂ ಹೇಳಿದಂತೆ ನೋಟ್‌ಬುಕ್ ಬರೆದೆ. ಕೆಲವು ದಿನ ಬಿಟ್ಟುಹೋಗಿದೆ, ಆದರೂ ನಾನು ಎಣಿಸಿರದ ಸಂಗತಿಗಳು ಕಂಡವು.

ಎಲ್ಲ ಹೊತ್ತೂ ಒಂದೇ ರೀತಿ ಮಂಕಾಗಿದೆ ಎಂದುಕೊಂಡಿದ್ದೆ, ಹಾಗಿಲ್ಲ. ಅತ್ಯಂತ ಕಡಿಮೆ ಅಂಕ ಬಿದ್ದಿರುವುದು ತರಗತಿಯಿಲ್ಲದ ದಿನಗಳ ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಎರಡೂ ಸಾಲುಗಳಲ್ಲಿ ಒಂದು ಅಥವಾ ಎರಡು. ಹಿಂದೆ ಅದು ನಾನು ಗ್ರಂಥಾಲಯದಲ್ಲಿ ರೈಸ್ ಅವರ ಶಾಸನ ಸಂಪುಟಗಳನ್ನು ಹರಡಿಕೊಂಡು ಕೂರುತ್ತಿದ್ದ ಹೊತ್ತು. ಬಿ.ಎ. ಎರಡನೆಯ ವರ್ಷದ ಪಾಠಕ್ಕೆ ಸೊನ್ನೆ ಬೀಳುತ್ತದೆಂದು ಭಾವಿಸಿದ್ದೆ, ನಾಲ್ಕೈದು ಅಂಕ ಬಿದ್ದಿದೆ. ನಮ್ಮ ಸಮುದಾಯದವರು ಏರ್ಪಡಿಸಿದ್ದ ಸನ್ಮಾನಕ್ಕೆ ಹಿತ ಎರಡು, ಸಾಧನೆ ಸೊನ್ನೆ.

ಒಂದು ಭಾನುವಾರ ಸಿರಾ ಕಡೆಯ ಒಂದು ಹಳ್ಳಿಗೆ ಸಂಬಂಧಿಕರ ಮನೆಗೆ ಹೋಗಿದ್ದೆ. ಕೆರೆಯ ತೂಬಿನ ಹತ್ತಿರ ಅರ್ಧ ಹೂತ ಕಲ್ಲೊಂದಿತ್ತು. ಊರಿನ ಹಳೆಯ ನೀರುಗಂಟಿ ಜೊತೆಗೆ ಬಂದರು. ಅಕ್ಷರದ ಮೇಲೆ ನೀರು ಚೆಲ್ಲಿ ಓರೆಯಾಗಿ ಕನ್ನಡಿ ಹಿಡಿದಾಗ, ಕೆರೆಯನ್ನು ಕಾಯ್ದುಕೊಳ್ಳುವವನಿಗೆ ಬಿಟ್ಟ ಗದ್ದೆಯ ಎಲ್ಲೆ ಹೇಳುವ ಎರಡು ಸಾಲುಗಳು ಸಿಕ್ಕವು. ಅದನ್ನು ಓದಿ ಹೇಳಿದಾಗ ಆ ಹಿರಿಯರು 'ಆ ಗದ್ದೆ ನಮ್ಮ ತಾತನ ಕಾಲದವರೆಗೂ ನಮ್ಮದೇ ಆಗಿತ್ತು' ಎಂದು ಕೈ ತೋರಿಸಿದರು. ಆ ಎರಡು ಗಂಟೆಗಳಿಗೆ ಎಂಟು ಮತ್ತು ಏಳು ಅಂಕ ಕೊಟ್ಟಿದ್ದೇನೆ.

ಇನ್ನೊಂದು: ಅಪ್ಪನ ಫೋನ್ ಬಂದ ದಿನಗಳ ಸಂಜೆಗಳೆಲ್ಲ ಕೆಳಗೆ ಬಿದ್ದಿವೆ. ಅವರು ಕೇಳುವುದು ಎರಡೇ ಪ್ರಶ್ನೆ, ಕೆಲಸ ಯಾವಾಗ ಮತ್ತು ಮದುವೆ ಯಾವಾಗ. ಗುರುಗಳು ಹೇಳಿದ ಬಾಕಿಯ ಮಾತು ಇಲ್ಲಿಗೆ ಸರಿಯಾಗಿ ತಾಗಿತು. ಅಕ್ಕ ಕೇಳಿದ್ದಕ್ಕೆ ಉತ್ತರ: ಒಬ್ಬ ಹೈದರಾಬಾದಿನಲ್ಲಿದ್ದಾನೆ, ಇನ್ನೊಬ್ಬ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟ. ಇಬ್ಬರೊಂದಿಗೂ ಮಾತು ನಿಂತಿದೆ.

ಸಾಧನಕೇರಿ

ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಧನ್ಯವಾದ. ಕೆರೆಯ ಬಳಿ ನಿಮ್ಮ ಅಂಕಗಳು ಅಷ್ಟು ಮೇಲೆ ಹೋಗಿರುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಹಿತವಾದದ್ದು ನಡೆದಾಗ ಮನಸ್ಸು ಏಳುತ್ತಿದೆ, ಆಸಕ್ತಿ ಸತ್ತಿಲ್ಲ. ಹತ್ತರಿಂದ ಒಂದರವರೆಗಿನ ಗುಂಡಿ ಬೇರೆ ಜಾತಿಯದು. ಅದು ವರ್ಷಗಟ್ಟಲೆ ನಿಮ್ಮ ದಿನವನ್ನು ಹಿಡಿದಿಟ್ಟಿದ್ದ ಚೌಕಟ್ಟು ಕಳಚಿದ ಜಾಗ. ಅಲ್ಲಿಗೆ ದೊಡ್ಡ ಗುರಿ ಬೇಕಾಗಿಲ್ಲ, ವಾರದಲ್ಲಿ ಎರಡು ದಿನ ಅದೇ ಹೊತ್ತಿಗೆ ಅದೇ ಗ್ರಂಥಾಲಯದಲ್ಲಿ ಮಾಡುವ ಒಂದು ಸಣ್ಣ ಕೆಲಸ ಸಾಕು. ಅಂಕಗಳು ಏರುತ್ತವೆಯೇ ಎಂದು ಮತ್ತೆ ಬರೆದು ನೋಡಿ. ಅಪ್ಪನ ಫೋನಿನ ಸಂಜೆಗಳನ್ನು ಇದು ಸರಿಪಡಿಸುವುದಿಲ್ಲ, ಅದಕ್ಕೆ ಬೇರೆ ಮಾತುಕತೆ ಬೇಕು.

ಆದರೆ ಮೂರೂವರೆಯ ಎಚ್ಚರ ಇನ್ನೂ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಮನಸ್ಸು ನಡುನಡುವೆ ಏಳುತ್ತದೆ ಎಂದ ಮಾತ್ರಕ್ಕೆ ಖಿನ್ನತೆ ಇಲ್ಲವೆಂದು ನಾನು ಇಲ್ಲಿ ಕುಳಿತು ತೀರ್ಮಾನಿಸಲಾರೆ.

ಕೆರೆಏರಿ

ಇದೆ ಮೇಡಂ, ಕಡಿಮೆಯಾಗಿಲ್ಲ. ಥೈರಾಯ್ಡ್ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆಯೆಂದು ಬಂದಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮಂಗಳವಾರ ಕಾಣುತ್ತೇನೆ.

ಹೊಸಪೇಟೆ_ರಸ್ತೆ

ವೈದ್ಯರನ್ನು ಕಾಣುತ್ತಿರುವುದು ಒಳ್ಳೆಯದಾಯಿತು. ಆದರೆ ನನ್ನ ಮಾತು ಇನ್ನೂ ಹಾಗೆಯೇ ಉಳಿದಿದೆ. ಅಪ್ಪನ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸರ್ಕಾರ ಉತ್ತರಿಸಬೇಕು, ಮಗ ಅಲ್ಲ.

ನಿವೃತ್ತ_ಮಾರ್ಗದರ್ಶಿ

ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ ಸರ್. ನೇಮಕಾತಿ ಆಗುವವರೆಗೆ ಬೆಳಿಗ್ಗೆ ಹತ್ತು ಗಂಟೆ ಮಾತ್ರ ದಿನವೂ ಬರುತ್ತದೆ, ನಮ್ಮ ಚರ್ಚೆ ಅಷ್ಟಕ್ಕೆ ಸೀಮಿತ. ಕೆರೆಏರಿ ಅವರೇ, ಆ ತೂಬಿನ ಕಲ್ಲು ತುಮಕೂರಿನ ಸಂಪುಟದಲ್ಲಿ ಅಚ್ಚಾಗಿದೆಯೇ?

ಕೆರೆಏರಿ

ಹುಡುಕಿದೆ ಗುರುಗಳೇ, ಆ ಹಳ್ಳಿಯ ಹೆಸರಿನಡಿ ಕಾಣಲಿಲ್ಲ. ನಂತರದ ಪಟ್ಟಿಗಳನ್ನು ಇನ್ನೂ ನೋಡಬೇಕಿದೆ. ಪೋಸ್ಟ್‌ಡಾಕ್ ಅರ್ಜಿಯ ಗಡುವು ತಿಂಗಳ ಕೊನೆಗಿದೆ, ಹಾಕಬೇಕೋ ಬೇಡವೋ ತೀರ್ಮಾನಿಸಿಲ್ಲ.

ಮಲೆನಾಡಿಗ_ಮ್ಯೂನಿಕ್

ಹಾಕಿ. ಬೇಡವೆನಿಸಿದರೆ ಆಮೇಲೆ ಬಿಡಬಹುದು.

ಅಂಚೆಪೆಟ್ಟಿಗೆ

ಅರ್ಜಿಯ ವಿಚಾರ ನನಗೆ ತಿಳಿಯದು. ಅರ್ಧಕ್ಕೆ ಬಿಟ್ಟ ಆ ಗೆಳೆಯನಿಗೆ ಮೊದಲು ಫೋನ್ ಮಾಡು ತಮ್ಮಾ.